ಬೈದರೆ ಸರಿಹೋಗುತ್ತೆ ಅಂದುಕೊಂಡ ಒಂಬತ್ತು ವರ್ಷ

ಇಪ್ಪತ್ತೆರಡು ವರ್ಷ ಕೆಲಸ ಮಾಡಿದ ಮೇಲೆ ಮತ್ತೆ ಓದೋಕೆ ಅರ್ಜಿ ಹಾಕುತ್ತಿದ್ದೇನೆ. ಕೆಲಸದಲ್ಲಿರುವವರಿಗೆ ಅಂತಲೇ ಇರುವ ಮ್ಯಾನೇಜ್‌ಮೆಂಟ್ ಕೋರ್ಸು. ವಾರಾಂತ್ಯದಲ್ಲಿ ಕ್ಲಾಸು, ಎರಡು ವರ್ಷ. ಅರ್ಜಿಯ ಜೊತೆ ಒಂದು ಸ್ಟೇಟ್‌ಮೆಂಟ್ ಬರೆದುಕೊಡಬೇಕು. ಇಷ್ಟು ಅನುಭವ ಇದ್ದೂ ಯಾಕೆ ಓದಬೇಕು ಅನ್ನಿಸಿತು, ಓದಿನಿಂದ ಏನು ಸಿಗಬೇಕು ಅಂತ.

ಮೊದಲ ಡ್ರಾಫ್ಟ್ ಒಂದೇ ರಾತ್ರಿಯಲ್ಲಿ ಮುಗಿಸಿದೆ. ಪೀಣ್ಯದಲ್ಲಿ ಟ್ರೈನಿಯಾಗಿ ಸೇರಿದ್ದು, ಶಾಪ್ ಫ್ಲೋರಿನಲ್ಲಿ ನಾನೊಬ್ಬಳೇ ಹುಡುಗಿ ಆಗಿದ್ದದ್ದು, ಈಗ ಹತ್ತು ಲೈನಿನ ಪ್ಲಾಂಟ್ ನೋಡಿಕೊಳ್ಳುತ್ತಿರುವುದು, ಎಲ್ಲ ಇತ್ತು. ನಮ್ಮನೆಯವರು ಓದಿ ಹೇಳಿದರು, "ಇದೇನು ರಿಟೈರ್‌ಮೆಂಟ್ ಫಂಕ್ಷನ್ ಭಾಷಣ ಇದ್ದ ಹಾಗಿದೆ. ನಿಂಗೆ ಎಲ್ಲಾ ಗೊತ್ತಿದೆ ಅಂತ ಬರೆದಿದ್ದೀಯ. ಮತ್ತೆ ಓದೋದು ಯಾಕೆ?"

ಸಿಟ್ಟು ಬಂತು. ಆದರೆ ಮಾತು ನಿಜ. ಎರಡನೇ ಡ್ರಾಫ್ಟಿನಲ್ಲಿ ಒಂದೇ ವಿಷಯ ಬರೆದೆ. ನಾನು ಒಂಬತ್ತು ವರ್ಷ ಪ್ರತಿ ತಿಂಗಳೂ ಮಾಡಿದ ಒಂದು ತಪ್ಪು, ಮತ್ತು ಅನುಭವ ಆ ತಪ್ಪನ್ನು ಹೇಗೆ ಪ್ರತಿ ತಿಂಗಳೂ ಸರಿ ಅಂತಲೇ ತೋರಿಸುತ್ತಾ ಹೋಯಿತು ಅನ್ನೋದು. ಅಲ್ಲಿ ಅದನ್ನು ಐನೂರು ಪದಕ್ಕೆ ಇಳಿಸಬೇಕು. ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳ್ತೀನಿ.

ನಮ್ಮದು ಗಾಡಿಗಳ ಬಿಡಿಭಾಗ ಮಾಡುವ ಪ್ಲಾಂಟು. ಹತ್ತು ಲೈನುಗಳಿವೆ, ಹೆಚ್ಚಿನವು ಸಿಎನ್‌ಸಿ ಟರ್ನಿಂಗ್, ಅಂದರೆ ಕಂಪ್ಯೂಟರ್ ನಡೆಸುವ ಲೇತ್ ಕೆಲಸ. ಪ್ರತಿ ಲೈನಿನಿಂದಲೂ ತಿಂಗಳಿಗೆ 400 ಪೀಸ್ ತೆಗೆದು ಅಳೆದು ನೋಡುತ್ತೇವೆ. ಮೊದಲ ಸಲಕ್ಕೇ ಪಾಸಾಗದ ಪೀಸು ಎಷ್ಟು ಅಂತ ಬರೆದಿಡುತ್ತೇವೆ. ಸರಾಸರಿ ನೂರಕ್ಕೆ ಮೂರು, ಅಂದರೆ 400ಕ್ಕೆ 12. (ಇವು ಕಸ್ಟಮರ್‌ಗೆ ಹೋಗಲ್ಲ. ನಡುವೆ ಇನ್ನೂ ಎರಡು ಜರಡಿ ಇದೆ.)

ತಿಂಗಳ ಮೊದಲ ಸೋಮವಾರ ನನ್ನ ಮೀಟಿಂಗು. ಆ ತಿಂಗಳು ಯಾರ ಸಂಖ್ಯೆ ಎಲ್ಲಕ್ಕಿಂತ ಕೆಟ್ಟದಾಗಿದೆಯೋ ಆ ಸೂಪರ್‌ವೈಸರನ್ನು ನಿಲ್ಲಿಸಿ ಕೇಳುವುದು. ಕಿರುಚಾಡುತ್ತಿರಲಿಲ್ಲ. ಆದರೆ ಹತ್ತು ಜನರ ಎದುರಿಗೆ "ಇದು ಹೇಗಾಯ್ತು, ಹೇಳಿ" ಅಂತ ಕೇಳಿಸಿಕೊಂಡು ನಿಲ್ಲೋದು ಸಣ್ಣ ವಿಷಯ ಅಲ್ಲ. ಎಲ್ಲಕ್ಕಿಂತ ಚೆನ್ನಾಗಿ ಮಾಡಿದ ಲೈನಿಗೆ ಒಂದು ಶೀಲ್ಡು, ಜೊತೆಗೆ ಅವರ ಫೋಟೋ ಕ್ಯಾಂಟೀನಿನ ಬೋರ್ಡಿನಲ್ಲಿ.

ಫಲಿತಾಂಶ ಕಣ್ಣೆದುರಿಗೇ ಇತ್ತು. ಬೈಸಿಕೊಂಡವರು ಮುಂದಿನ ತಿಂಗಳು ಸುಧಾರಿಸುತ್ತಿದ್ದರು. 18 ಇದ್ದದ್ದು 13ಕ್ಕೆ ಇಳಿಯೋದು. ಶೀಲ್ಡ್ ತಗೊಂಡವರು ಮುಂದಿನ ತಿಂಗಳು ಜಾರುತ್ತಿದ್ದರು. 7 ಇದ್ದದ್ದು 11 ಆಗೋದು. ಒಂದೆರಡು ಸಲ ಅಲ್ಲ, ಹೆಚ್ಚುಕಡಿಮೆ ಯಾವಾಗಲೂ ಹೀಗೇ. ಹಾಗಾಗಿ ನನ್ನೊಳಗೆ ಒಂದು ಸಿದ್ಧಾಂತ ಗಟ್ಟಿಯಾಯಿತು. ಬೈದರೆ ಸರಿಹೋಗ್ತಾರೆ, ಹೊಗಳಿದರೆ ಕೆಡ್ತಾರೆ. ಹೊಸದಾಗಿ ಸೇರಿದ ಮ್ಯಾನೇಜರುಗಳಿಗೂ ಇದನ್ನೇ ಹೇಳಿಕೊಟ್ಟೆ. "ಪುಸ್ತಕದಲ್ಲಿ ಮೋಟಿವೇಶನ್ ಅಂತೆಲ್ಲ ಬರೀತಾರೆ, ನಾನು ನೂರು ತಿಂಗಳು ನೋಡಿದ್ದೀನಿ" ಅಂತ.

2023ರಲ್ಲಿ ಕಂಪನಿಯವರು ನಮ್ಮನ್ನೆಲ್ಲ ಐದು ದಿನದ ತರಬೇತಿಗೆ ಕಳಿಸಿದರು. ಮೂರನೇ ದಿನ ಮಧ್ಯಾಹ್ನ, ಊಟ ಆದ ಮೇಲೆ, ಎಲ್ಲರಿಗೂ ನಿದ್ದೆ ಎಳೀತಿತ್ತು. ಪಾಠ ಮಾಡುವವರು ಒಂದು ದೊಡ್ಡ ಡಬ್ಬ ಮೇಜಿನ ಮೇಲಿಟ್ಟರು. ಒಳಗೆ 4,000 ಮಣಿ. 3,200 ಬಿಳಿ, 800 ಕೆಂಪು. ಜೊತೆಗೆ 50 ಗುಳಿಗಳಿರುವ ಒಂದು ಹಲಗೆ. ಅದನ್ನು ಮಣಿಯೊಳಗೆ ಅದ್ದಿ ಎತ್ತಿದರೆ ಒಂದೊಂದು ಗುಳಿಯಲ್ಲೂ ಒಂದು ಮಣಿ ಕೂರುತ್ತದೆ. ಕೆಂಪು ಬಂದರೆ ಡಿಫೆಕ್ಟು. ಗುಣಮಟ್ಟದ ಪಾಠಕ್ಕೆ ಹೆಸರಾದ ಅಮೆರಿಕದ ಡಬ್ಲ್ಯು. ಎಡ್ವರ್ಡ್ಸ್ ಡೆಮಿಂಗ್ ತಮ್ಮ ಕ್ಲಾಸುಗಳಲ್ಲಿ ವರ್ಷಗಟ್ಟಲೆ ಆಡಿಸುತ್ತಿದ್ದ ಆಟ ಇದು.

ಆರು ಜನರನ್ನು ಕೆಲಸಗಾರರು ಅಂತ ಎದುರಿಗೆ ಕರೆದರು. ಅದರಲ್ಲಿ ನಾನೂ ಒಬ್ಬಳು. ಮೊದಲ ಸಲ ನನಗೆ 14 ಕೆಂಪು ಬಂತು. ಅವರು ಮುಖ ಗಂಟು ಹಾಕಿಕೊಂಡು "ಪಕ್ಕದವರು 8 ತಂದಿದ್ದಾರೆ, ನಿಮಗೇನಾಗಿದೆ?" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಎರಡನೇ ಸಲ ನನಗೆ 8 ಬಂತು. "ನೋಡಿದ್ರಾ, ಒಂದು ಮಾತು ಹೇಳಿದ್ದಕ್ಕೆ ಎಷ್ಟು ಸುಧಾರಿಸಿದರು!" ಅಂದರು. ಮೊದಲ ಸಲ 8 ತಂದವರಿಗೆ ಶಭಾಷ್‌ಗಿರಿ ಕೊಟ್ಟಿದ್ದರು. ಅವರಿಗೆ ಈಗ 12. "ಹೊಗಳಿದ್ದು ತಲೆಗೇರಿತು" ಅಂದರು.

ಆ ಮಾತಿಗೆ ನನ್ನ ನಗು ನಿಂತುಹೋಯಿತು. ಇದು ನನ್ನ ಮೀಟಿಂಗು. ಮಾತು ಸಹ ನಂದೇ.

ಮಣಿಯ ಡಬ್ಬದಲ್ಲಿ ನನ್ನ ಶ್ರಮಕ್ಕೂ ಕೆಂಪಿಗೂ ಏನೂ ಸಂಬಂಧ ಇಲ್ಲ. ಐದಕ್ಕೊಂದು ಕೆಂಪು ಇರೋದರಿಂದ ಸರಾಸರಿ 10 ಬರುತ್ತೆ. ಒಮ್ಮೆ ಜಾಸ್ತಿ, ಒಮ್ಮೆ ಕಮ್ಮಿ. ತುಂಬಾ ಜಾಸ್ತಿ ಬಂದವರಿಗೆ ಮುಂದಿನ ಸಲ ಅಷ್ಟೇ ಜಾಸ್ತಿ ಬರುವ ಸಾಧ್ಯತೆ ಕಡಿಮೆ. ಹಾಗಾಗಿ ಅವರು 'ಸುಧಾರಿಸುತ್ತಾರೆ'. ತುಂಬಾ ಕಮ್ಮಿ ಬಂದವರು 'ಕೆಡುತ್ತಾರೆ'. ಯಾರೂ ಯಾರಿಗೂ ಏನೂ ಹೇಳದೇ ಇದ್ದರೂ ಹೀಗೇ ಆಗುತ್ತೆ. ಫ್ರಾನ್ಸಿಸ್ ಗಾಲ್ಟನ್ ಅನ್ನುವವರು 1886ರಲ್ಲೇ ತಂದೆತಾಯಿ ಮತ್ತು ಮಕ್ಕಳ ಎತ್ತರ ಅಳೆದು ಇದನ್ನು ಬರೆದಿಟ್ಟಿದ್ದಾರೆ. ತುಂಬಾ ಎತ್ತರದವರ ಮಕ್ಕಳು ಸರಾಸರಿಯಲ್ಲಿ ಅವರಷ್ಟು ಎತ್ತರ ಇರಲ್ಲ, ತುಂಬಾ ಕುಳ್ಳಗಿರುವವರ ಮಕ್ಕಳು ಅವರಷ್ಟು ಕುಳ್ಳಗಿರಲ್ಲ.

ಆ ರಾತ್ರಿ ಮನೆಗೆ ಬಂದು ಎಕ್ಸೆಲ್ ತೆರೆದೆ. ಹತ್ತು ಕಾಲಮ್ಮು, ಅಂದರೆ ಹತ್ತು ಲೈನು. ಇಪ್ಪತ್ನಾಲ್ಕು ಸಾಲು, ಅಂದರೆ ಎರಡು ವರ್ಷ. ಪ್ರತಿ ಮನೆಯಲ್ಲೂ ಇದನ್ನು ಹಾಕಿದೆ:

```
=BINOM.INV(400,0.03,RAND())
```

400 ಪೀಸು, ನೂರಕ್ಕೆ ಮೂರು ಕೆಟ್ಟದ್ದು, ಉಳಿದದ್ದು ಅದೃಷ್ಟ. ಈ ಹತ್ತು ಲೈನೂ ಒಂದೇ ಅಚ್ಚು. ಇಲ್ಲಿ ಒಳ್ಳೇ ಸೂಪರ್‌ವೈಸರೂ ಇಲ್ಲ, ಕೆಟ್ಟ ಸೂಪರ್‌ವೈಸರೂ ಇಲ್ಲ. ಆದರೂ ಪ್ರತಿ ತಿಂಗಳೂ ಒಂದು ಲೈನು 17, 18ರ ಹತ್ತಿರ ಹೋಗಿ ನಿಲ್ಲುತ್ತಿತ್ತು, ಮತ್ತೊಂದು 7ರ ಹತ್ತಿರ. ಮುಂದಿನ ಸಾಲಿನಲ್ಲಿ ಎರಡೂ 12ರ ಆಸುಪಾಸಿಗೆ ವಾಪಸ್. F9 ಒತ್ತಿದರೆ ಹೊಸ ಎರಡು ವರ್ಷ, ಅದೇ ಕಥೆ. ನನ್ನ ಒಂಬತ್ತು ವರ್ಷದ ರಿಪೋರ್ಟು ಮತ್ತು ಈ ಹುಸಿ ಪ್ಲಾಂಟಿನ ರಿಪೋರ್ಟು ಪಕ್ಕಪಕ್ಕ ಇಟ್ಟರೆ ಯಾವುದು ಯಾವುದು ಅಂತ ನನಗೇ ಗೊತ್ತಾಗುತ್ತಿರಲಿಲ್ಲ. ನಿಮ್ಮ ಕೈಕೆಳಗೆ ಹತ್ತು ಬ್ರಾಂಚೋ ಹತ್ತು ಸೇಲ್ಸ್‌ನವರೋ ಇದ್ದರೆ ಒಮ್ಮೆ ಮಾಡಿ ನೋಡಿ. ನಿಮ್ಮ ಸಂಖ್ಯೆ ಹಾಕಿಕೊಂಡು.

ಆದರೆ ಎಕ್ಸೆಲ್ ಎಕ್ಸೆಲ್ಲೇ, ಪ್ಲಾಂಟು ಪ್ಲಾಂಟೇ ಅಲ್ವಾ? ಬೈದದ್ದರಿಂದ ಸ್ವಲ್ಪವಾದರೂ ಉಪಯೋಗ ಆಗಿರಬಹುದು. ಅದು ಗೊತ್ತಾಗಬೇಕಾದರೆ ನಾನು ಬೈಯದೇ ಇದ್ದ ತಿಂಗಳುಗಳು ಬೇಕು. ಒಂಬತ್ತು ವರ್ಷದಲ್ಲಿ ಒಂದು ಸೋಮವಾರವೂ ತಪ್ಪಿಸಿದವಳಲ್ಲ ಅಂತ ಯೋಚಿಸುತ್ತಾ ಕೂತಾಗ ಥಟ್ಟನೆ ಹೊಳೆಯಿತು. ತಪ್ಪಿಸಿದ್ದೆ. ಮಗ ಹುಟ್ಟಿದಾಗ.

2017ರಲ್ಲಿ ಕಾನೂನು ಬದಲಾಗಿ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತ್ತು. 2018ರಲ್ಲಿ ನಾನು ಪೂರ್ತಿ ಆರು ತಿಂಗಳು ಮನೆಯಲ್ಲಿದ್ದೆ. ನನ್ನ ಜಾಗದಲ್ಲಿ ನೋಡಿಕೊಳ್ಳುತ್ತಿದ್ದವರಿಗೆ ತಮ್ಮ ಕೆಲಸದ ಮೇಲೆ ಇದೂ ಸೇರಿ ಪುರುಸೊತ್ತು ಇರಲಿಲ್ಲ. ಸೋಮವಾರದ ಮೀಟಿಂಗ್ ನಡೆಯಲೇ ಇಲ್ಲ. ಅಳತೆ ಮಾತ್ರ ಎಂದಿನಂತೆ ನಡೆದಿತ್ತು. ವಾಪಸ್ ಬಂದಾಗ ನಾನು "ಮೀಟಿಂಗ್ ನಿಲ್ಲಿಸಿದ್ರಾ?" ಅಂತ ರೇಗಿದ್ದು ಈಗಲೂ ನೆನಪಿದೆ.

ಹಳೇ ಫೈಲ್ ಹುಡುಕಿ ತೆಗೆದೆ. ನಾನು ಇದ್ದ ತಿಂಗಳುಗಳಲ್ಲಿ ಎಲ್ಲಕ್ಕಿಂತ ಕೆಟ್ಟ ಲೈನಿನ ಸರಾಸರಿ 18, ಅದೇ ಲೈನು ಮುಂದಿನ ತಿಂಗಳು 13. ನಾನು ಇಲ್ಲದ ಆರು ತಿಂಗಳಲ್ಲಿ ಕೆಟ್ಟ ಲೈನು 17, ಮುಂದಿನ ತಿಂಗಳು 13. ಅಂದರೆ ನನ್ನ ಬೈಗುಳ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ಆರು ತಿಂಗಳು ತುಂಬಾ ಕಡಿಮೆ. ಆ ಅವಧಿಯಲ್ಲಿ ಬೇರೆ ಏನೇನೋ ಬದಲಾಗಿರಬಹುದು. ಇದನ್ನು ಸಾಕ್ಷಿ ಅಂತ ಕೋರ್ಟಿಗೆ ಒಯ್ಯೋಕಾಗಲ್ಲ, ಒಪ್ಪುತ್ತೇನೆ. ಆದರೆ ಒಂಬತ್ತು ವರ್ಷ ನಾನು ನಂಬಿದ್ದಕ್ಕೆ ಇಷ್ಟು ಸಾಕ್ಷಿಯೂ ಇರಲಿಲ್ಲ. ನಾನು ಬೈದೆ, ಅವರು ಸುಧಾರಿಸಿದರು, ಅಷ್ಟೇ ನನಗೆ ಕಂಡದ್ದು. ಬೈಯದಿದ್ದರೆ ಏನಾಗುತ್ತಿತ್ತು ಅನ್ನೋದನ್ನು ಅನುಭವ ಯಾವತ್ತೂ ತೋರಿಸಲ್ಲ, ಯಾಕಂದರೆ ಅದು ನಡೆಯೋದೇ ಇಲ್ಲ. ಒಂದು ವರ್ಷದ ಅನುಭವ ಇದ್ದವರಿಗೂ ಕಾಣಲ್ಲ, ಇಪ್ಪತ್ತು ವರ್ಷ ಇದ್ದವರಿಗೂ ಕಾಣಲ್ಲ. ನನ್ನ ವಿಷಯದಲ್ಲಿ ವರ್ಷ ಜಾಸ್ತಿ ಆದಷ್ಟೂ ತಪ್ಪು ಇನ್ನೂ ಗಟ್ಟಿಯಾಯಿತು.

ಇನ್ನೂ ನಾಚಿಕೆಯ ವಿಷಯ ಒಂದಿದೆ. ಇದನ್ನು ಹಿಡಿಯುವ ಸಾಧನ ನಮ್ಮ ಗೋಡೆಯ ಮೇಲೇ ನೇತಾಡುತ್ತಿತ್ತು. ಕಂಟ್ರೋಲ್ ಚಾರ್ಟ್. ಅಳತೆಗಳನ್ನು ಚುಕ್ಕಿಗಳಾಗಿ ಹಾಕಿ, ಸಹಜ ಏರಿಳಿತ ಎಲ್ಲಿಂದ ಎಲ್ಲಿಯವರೆಗೆ ಅಂತ ಮೇಲೊಂದು ಕೆಳಗೊಂದು ಗೆರೆ ಎಳೆದ ನಕ್ಷೆ. ಗಾಡಿ ಬಿಡಿಭಾಗದ ಪ್ಲಾಂಟುಗಳಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತು, ಇಲ್ಲದಿದ್ದರೆ ಆಡಿಟ್‌ನಲ್ಲಿ ಎತ್ತುತ್ತಾರೆ. 1924ರಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ವಾಲ್ಟರ್ ಶೂಹಾರ್ಟ್ ಒಂದೇ ಪುಟದಲ್ಲಿ ಬರೆದುಕೊಟ್ಟ ಐಡಿಯಾ ಅದು. ಸ್ವಾತಂತ್ರ್ಯ ಬಂದ ಹೊಸದರಲ್ಲಿ, 1947ರ ಕೊನೆಗೆ, ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಅವರ ಆಹ್ವಾನದ ಮೇಲೆ ಶೂಹಾರ್ಟ್ ಭಾರತಕ್ಕೂ ಬಂದು ಇದನ್ನು ಹೇಳಿಕೊಟ್ಟು ಹೋಗಿದ್ದಾರೆ. ನಾವು ಅದನ್ನು ಶಾಫ್ಟಿನ ವ್ಯಾಸಕ್ಕೆ, ಬೋರಿನ ಅಳತೆಗೆ ಹಾಕುತ್ತಿದ್ದೆವು. ಮನುಷ್ಯರ ಮೇಲೆ ನಾನು ಕೊಡುವ ತೀರ್ಪಿಗೂ ಅದನ್ನೇ ಹಾಕಬೇಕು ಅಂತ ಹೊಳೆಯಲೇ ಇಲ್ಲ.

ಲೆಕ್ಕ ಕಷ್ಟ ಏನಿಲ್ಲ. ಸರಾಸರಿ 12. ಅದನ್ನು 0.97ರಿಂದ ಗುಣಿಸಿ, ಅಂದರೆ ಪಾಸಾಗುವ ಪೀಸುಗಳ ಪಾಲಿನಿಂದ. 11.64 ಬಂತು. ಅದರ ವರ್ಗಮೂಲ 3.4. ಅದರ ಮೂರು ಪಟ್ಟು, ಸುಮಾರು 10. 12ಕ್ಕೆ ಹತ್ತು ಕೂಡಿಸಿ, ಹತ್ತು ಕಳೆಯಿರಿ. 22 ಮತ್ತು 2. ಅಂದರೆ ಏನೂ ಬದಲಾಗದ ಲೈನಿನಲ್ಲೂ ತಿಂಗಳಿಂದ ತಿಂಗಳಿಗೆ 2ರಿಂದ 22ರವರೆಗೆ ಎಷ್ಟು ಬೇಕಾದರೂ ಬರಬಹುದು. ಅದರೊಳಗಿನ ಒಂದೊಂದು ಏರಿಳಿತಕ್ಕೂ ಕಾರಣ ಕೇಳೋದು ಮಣಿಯ ಡಬ್ಬದ ಹತ್ತಿರ ಕಾರಣ ಕೇಳಿದ ಹಾಗೆ.

ಒಂಬತ್ತು ವರ್ಷದಲ್ಲಿ ನಾನು ನಿಲ್ಲಿಸಿ ಕೇಳಿದ ಸುಮಾರು ನೂರು ಸಂದರ್ಭಗಳಲ್ಲಿ 22 ದಾಟಿದ್ದು ನಾಲ್ಕು. ನಾಲ್ಕಕ್ಕೂ ಕಾರಣ ಇತ್ತು, ಆಗಲೇ ಸಿಕ್ಕಿತ್ತು ಕೂಡ. ಒಮ್ಮೆ ತಪ್ಪು ಗ್ರೇಡಿನ ಬಾರ್ ಬಂದಿತ್ತು, ಒಮ್ಮೆ ಗೇಜೇ ಕೆಟ್ಟಿತ್ತು. ಉಳಿದ ತೊಂಬತ್ತು ಚಿಲ್ಲರೆ ಜನ ಸುಮ್ಮನೆ ನಿಂತು, ಏನೋ ಒಂದು ಕಾರಣ ಕಟ್ಟಿ ಹೇಳಿ ಹೋಗಿದ್ದರು. ಆ ಕಾರಣಗಳ ಮೇಲೆ ನಾವು ಕ್ರಮವನ್ನೂ ತಗೊಂಡಿದ್ದೆವು. ಆಪರೇಟರ್ ಬದಲಿಸಿದ್ದು, ಶಿಫ್ಟ್ ಬದಲಿಸಿದ್ದು. ಒಬ್ಬರು ಸೂಪರ್‌ವೈಸರ್ ಒಂದೇ ವರ್ಷದಲ್ಲಿ ಮೂರು ಸಲ ನಿಂತರು. 18, 17, 19. ನಡುವೆ 9, 11 ಇದ್ದ ತಿಂಗಳುಗಳೂ ಇದ್ದವು. ಅದನ್ನು ಯಾರು ನೋಡ್ತಾರೆ? ನಾಲ್ಕನೇ ಸಲ ಬರುವ ಮುಂಚೆ ರಾಜೀನಾಮೆ ಕೊಟ್ಟು ಹೋದರು. ಆ ಲೈನಿಗೆ ಬಂದ ಹೊಸಬರು ಮೊದಲ ತಿಂಗಳಿಗೇ 12 ತಂದಾಗ "ನೋಡಿ, ವ್ಯಕ್ತಿ ಬದಲಾದರೆ ಸಾಕು" ಅಂತ ನಾನೇ ಹೇಳಿದ್ದೆ.

ನಿಜವಾಗಿ ಹದಗೆಟ್ಟಿದ್ದ ಲೈನು ನನ್ನ ಮೀಟಿಂಗಿಗೆ ಯಾವತ್ತೂ ಸಿಗಲಿಲ್ಲ. ಅದು ನಾಲ್ಕನೇ ಲೈನು. ಹಳೇ ಸಂಖ್ಯೆಗಳನ್ನೆಲ್ಲ ಚಾರ್ಟಿಗೆ ಹಾಕಿದಾಗ ಕಂಡಿತು. 14, 15, 13, 16, 14, 15, 17, 14, 15. ಒಂದು ತಿಂಗಳೂ ಎಲ್ಲಕ್ಕಿಂತ ಕೆಟ್ಟದ್ದಲ್ಲ. ಒಂದು ಸಂಖ್ಯೆಯೂ ಗೆರೆ ದಾಟಿಲ್ಲ. ಆದರೆ ಒಂಬತ್ತು ತಿಂಗಳಲ್ಲಿ ಒಮ್ಮೆಯೂ 12ಕ್ಕೆ ಇಳಿದಿಲ್ಲ. ಚಾರ್ಟ್ ಓದುವವರಲ್ಲಿ ಒಂದು ಹಳೆಯ ನಿಯಮ ಇದೆ. ಸತತ ಎಂಟು ಚುಕ್ಕಿ ಸರಾಸರಿಯ ಒಂದೇ ಬದಿಗೆ ಬಿದ್ದರೆ ಹೋಗಿ ನೋಡಿ ಅಂತ. ನಾಣ್ಯ ಎಂಟು ಸಲ ಎಸೆದು ಎಂಟೂ ಸಲ ರಾಜನ ತಲೆ ಬೀಳೋದು 256ಕ್ಕೆ ಒಂದು ಸಲ. ಹತ್ತು ಲೈನು, ಇಷ್ಟು ವರ್ಷ ಅಂದಾಗ ಅದೂ ಅದೃಷ್ಟದಿಂದಲೇ ಬರಬಹುದು. ಹಾಗಾಗಿ ಚಾರ್ಟ್ ಹೇಳೋದು 'ತಪ್ಪು ಮಾಡಿದ್ದಾರೆ' ಅಂತ ಅಲ್ಲ, 'ಒಮ್ಮೆ ಹೋಗಿ ನೋಡು' ಅಂತ.

ಹೋಗಿ ನೋಡಿದೆವು. ಚಾರ್ಟ್ ನಮ್ಮನ್ನು ಅಲ್ಲಿಯವರೆಗೆ ಕರೆದುಕೊಂಡು ಹೋಯಿತು, ಅಲ್ಲಿಂದಾಚೆ ಹಳೇ ಅನುಭವವೇ ಬೇಕಾಯಿತು. ಕೆಟ್ಟ ಪೀಸುಗಳಲ್ಲಿ ಹೆಚ್ಚಿನವು ರಾತ್ರಿ ಪಾಳಿಯವು. ಮಷೀನಿನಲ್ಲಿ ಪೀಸನ್ನು ಕಚ್ಚಿ ತಿರುಗಿಸುವ ಚಕ್ಕಿನಲ್ಲಿ ಪೀಸು ಹಿಡಿಸಿ ಡಯಲ್ ಗೇಜ್ ಇಟ್ಟು ತಿರುಗಿಸಿದರೆ ಮುಳ್ಳು 40 ಮೈಕ್ರಾನ್ ಓಲಾಡುತ್ತಿತ್ತು. ಆ ಕೆಲಸಕ್ಕೆ 15ರ ಒಳಗಿರಬೇಕು. ನಮ್ಮ ಟೂಲ್ ರೂಮಿನ ಹಿರಿಯರೊಬ್ಬರು ಮುಳ್ಳು ನೋಡಿದ ತಕ್ಷಣ, "ಜಾ ಬೋರ್ ಮಾಡ್ತಿಲ್ಲ ಮೇಡಂ" ಅಂದರು. ಒಂದು ಬಗೆಯ ಪೀಸಿನಿಂದ ಇನ್ನೊಂದಕ್ಕೆ ಬದಲಾದಾಗ ಚಕ್ಕಿನ ಸಾಫ್ಟ್ ಜಾಗಳನ್ನು, ಅಂದರೆ ಪೀಸು ಕಚ್ಚಿ ಹಿಡಿಯುವ ಮೆದು ಹಲ್ಲುಗಳನ್ನು, ಅದೇ ಮಷೀನಿನ ಮೇಲೆ ಮತ್ತೆ ಕೊರೆದು ಕೂರಿಸಬೇಕು. ಇಪ್ಪತ್ತೈದು ನಿಮಿಷದ ಕೆಲಸ. ರಾತ್ರಿ ಪಾಳಿಯವರು ಟಾರ್ಗೆಟ್ ಮುಟ್ಟೋಕೆ ಹಳೇ ಜಾಗಳನ್ನೇ ಹಾಕಿ ಓಡಿಸುತ್ತಿದ್ದರು. ಆ ಟಾರ್ಗೆಟ್ ಏರಿಸಿದ್ದು ಯಾರು ಅಂತ ಕೇಳಬೇಡಿ. ಬದಲಾವಣೆಯ ಸಮಯವನ್ನು ಟಾರ್ಗೆಟ್‌ನಿಂದ ಬಿಟ್ಟುಕೊಟ್ಟ ಮೇಲೆ ಆ ಲೈನು 10, 11, 9 ಅಂತ ಇಳಿಯಿತು.

ಇದರ ನಂತರ ನನಗೆ ಒಂದು ಚಟ ಹತ್ತಿತು. ಬೇರೆ ಎಲ್ಲೆಲ್ಲಿ ನಾನು ಹೀಗೆ ಮೋಸ ಹೋಗಿದ್ದೇನೆ ಅಂತ ಹುಡುಕೋದು. ಒಂದು ಸಿಕ್ಕಿದೆ, ಅದನ್ನೂ ಸ್ಟೇಟ್‌ಮೆಂಟಿನಲ್ಲಿ ಸೇರಿಸಿದ್ದೇನೆ. ಒಂದು ಆರ್ಡರಿಗೆ ನಮ್ಮ ಕಾಸ್ಟ್ ಶೀಟಿನ ಪ್ರಕಾರ ಪೀಸಿಗೆ 98 ರೂಪಾಯಿ ಬೀಳುತ್ತಿತ್ತು. ಕಸ್ಟಮರ್ 92ಕ್ಕೆ ಕೇಳಿದರು. ಆರು ರೂಪಾಯಿ ನಷ್ಟಕ್ಕೆ ಯಾರು ಮಾಡ್ತಾರೆ ಅಂತ ಬೇಡ ಅಂದೆ. ಆ 98ರಲ್ಲಿ 30 ರೂಪಾಯಿ ಬಾಡಿಗೆ, ಸಂಬಳ, ಸವಕಳಿ ಅಂತ ಹಂಚಿ ಹಾಕಿದ್ದು. ಆರ್ಡರ್ ಬಂದರೂ ಬರದಿದ್ದರೂ ಆ ಖರ್ಚು ಇದ್ದೇ ಇರುತ್ತೆ. ಆ ಆರ್ಡರಿನಿಂದ ಹೊಸದಾಗಿ ಆಗುವ ಖರ್ಚು 68 ಮಾತ್ರ. ಆ ವರ್ಷ ಎರಡು ಮಷೀನು ರಾತ್ರಿ ಪಾಳಿಯಲ್ಲಿ ಖಾಲಿ ಇದ್ದವು. ಪೀಸಿಗೆ 24 ರೂಪಾಯಿ, 40,000 ಪೀಸು, ಒಟ್ಟು 9.6 ಲಕ್ಷ. ಇದು ಯಾವ ಲೆಡ್ಜರಿನಲ್ಲೂ ನಷ್ಟ ಅಂತ ಬರಲ್ಲ. ಹಾಗಾಗಿ ಯಾರೂ ನನ್ನನ್ನು ಸೋಮವಾರ ನಿಲ್ಲಿಸಿ ಕೇಳಲಿಲ್ಲ.

ಹಾಗಂತ ಎಲ್ಲಾ ಆರ್ಡರನ್ನೂ ಹೀಗೆ ಒಪ್ಪಿಕೊಂಡರೆ ಬಾಡಿಗೆ ಕಟ್ಟೋದು ಯಾರು? ಮಷೀನು ತುಂಬಿರುವ ವರ್ಷ ಇದೇ ಲೆಕ್ಕ ಮುಳುಗಿಸುತ್ತೆ. ಉಳಿದ ಕಸ್ಟಮರುಗಳಿಗೆ ಈ ರೇಟು ಗೊತ್ತಾದರೆ ಅದು ಇನ್ನೊಂದು ತಲೆನೋವು. ಎಲ್ಲಿ ಗೆರೆ ಎಳೆಯಬೇಕು ಅಂತ ನನಗೆ ಈಗಲೂ ಸರಿಯಾಗಿ ಗೊತ್ತಿಲ್ಲ. ಸ್ಟೇಟ್‌ಮೆಂಟಿನಲ್ಲಿ ಹಾಗೇ ಬರೆದಿದ್ದೇನೆ, ಇದನ್ನು ಕಲಿಯಬೇಕು ಅಂತ.

ಇಷ್ಟಕ್ಕೆ ಎರಡು ವರ್ಷದ ಡಿಗ್ರಿ ಬೇಕಾ, ಪುಸ್ತಕ ತಗೊಂಡು ಓದಿದರೆ ಆಗಲ್ವಾ ಅಂತ ನನ್ನ ತಂಗಿ ಕೇಳಿದಳು. ಒಳ್ಳೇ ಪ್ರಶ್ನೆ, ಫೀಸು ನೋಡಿದರಂತೂ ಇನ್ನೂ ಒಳ್ಳೇ ಪ್ರಶ್ನೆ. ಕಂಟ್ರೋಲ್ ಚಾರ್ಟ್ ನನಗೆ ಪುಸ್ತಕದಲ್ಲಿ ಗೊತ್ತೇ ಇತ್ತು. ಗೊತ್ತಿದ್ದೂ ಇಪ್ಪತ್ತು ವರ್ಷ ನನ್ನ ಕಡೆಗೆ ಅದನ್ನು ತಿರುಗಿಸಿಕೊಳ್ಳಲಿಲ್ಲ. ತಿರುಗಿಸಿದ್ದು, ಬೇರೆ ಜನರ ಎದುರಿಗೆ ನಿಂತು 14 ಕೆಂಪು ಮಣಿ ಎತ್ತಿದಾಗ. ಪ್ಲಾಂಟಿನಲ್ಲಿ ನನಗೆ ಹಾಗೆ ಮಾಡುವವರು ಯಾರೂ ಇಲ್ಲ. ನನ್ನ ಸೂಪರ್‌ವೈಸರುಗಳಲ್ಲಿ ಒಬ್ಬರಿಗಾದರೂ ಈ ಮೀಟಿಂಗ್ ಬಗ್ಗೆ ಅನುಮಾನ ಬಂದಿರಲೇಬೇಕು. ಹೇಳೋದು ಹೇಗೆ? ಹೇಳಿದರೆ ಮುಂದಿನ ಸೋಮವಾರ ಯಾರ ಸರದಿ? ಕ್ಲಾಸಿನಲ್ಲಿ ಪಕ್ಕ ಕೂರುವ ಬ್ಯಾಂಕಿನವರಿಗೋ ಆಸ್ಪತ್ರೆಯವರಿಗೋ ನನ್ನಿಂದ ಆಗಬೇಕಾದ್ದು ಏನೂ ಇಲ್ಲ. ಅವರು "ಅದು ಹೇಗೆ ಗೊತ್ತಾಯ್ತು ನಿಮಗೆ?" ಅಂತ ಕೇಳಬಹುದು. ಆ ಪ್ರಶ್ನೆ ಕೇಳಿಸಿಕೊಳ್ಳೋಕೆ ದುಡ್ಡು ಕೊಡ್ತಿದ್ದೀನಿ ಅಂತ ತಂಗಿಗೆ ಹೇಳಿದೆ. "ಅದನ್ನ ನಾನು ಫ್ರೀಯಾಗಿ ಕೇಳ್ತೀನಲ್ಲಾ" ಅಂದಳು.

ಮೀಟಿಂಗ್ ಈಗಲೂ ಇದೆ, ನಿಲ್ಲಿಸಿ ಕೇಳೋದು ಇಲ್ಲ. ಗೋಡೆಗೆ ಹತ್ತು ಲೈನಿನ ಚಾರ್ಟ್ ಹಾಕಿ, ಗೆರೆ ದಾಟಿದ್ದು ಅಥವಾ ಒಂದೇ ಬದಿಗೆ ಎಂಟು ಬಿದ್ದದ್ದು ಇದ್ದರೆ ಎಲ್ಲರೂ ಸೇರಿ ಆ ಲೈನಿಗೆ ನಡೆದು ಹೋಗುತ್ತೇವೆ. ಇಲ್ಲದಿದ್ದರೆ ಹತ್ತು ನಿಮಿಷದಲ್ಲಿ ಟೀ ಕುಡಿದು ಎದ್ದೇಳುತ್ತೇವೆ. ಶೀಲ್ಡು ನನ್ನ ಕಪಾಟಿನಲ್ಲಿದೆ. ಅದನ್ನು ಏನು ಮಾಡಬೇಕು ಅಂತ ಇನ್ನೂ ತೀರ್ಮಾನ ಆಗಿಲ್ಲ.

ಹೋದ ತಿಂಗಳು ಮೀಟಿಂಗ್ ಮುಗಿದ ಮೇಲೆ ಏಳನೇ ಲೈನಿನ ಸೂಪರ್‌ವೈಸರ್ ನನ್ನ ಬಾಗಿಲ ಹತ್ತಿರ ಬಂದು ನಿಂತರು. ಹನ್ನೊಂದು ವರ್ಷದಿಂದ ಇರುವವರು.

"ಮೇಡಂ, ನಂದು ಈ ಸಲ 19. ಯಾರೂ ಏನೂ ಕೇಳಲಿಲ್ಲ."

"ಕೂತ್ಕೊಳ್ಳಿ" ಅಂದೆ. ಅವರ ಲೈನಿನ ಚಾರ್ಟ್ ತೆಗೆದು ಇಬ್ಬರ ನಡುವೆ ಇಟ್ಟೆ. 2ರ ಗೆರೆ, 22ರ ಗೆರೆ, ನಡುವೆ ಚುಕ್ಕಿಗಳು ಮೇಲೆ ಕೆಳಗೆ. ನೂರಾರು ಸಲ ಬೇರೆ ಚಾರ್ಟುಗಳನ್ನು ತುಂಬಿಸಿದ ಮನುಷ್ಯ, ವಿವರಿಸೋದು ಬೇಕಾಗಲಿಲ್ಲ. ಬೆರಳಿನಿಂದ ಒಂದೊಂದೇ ಚುಕ್ಕಿ ಮುಟ್ಟುತ್ತಾ ಹೋಗಿ 2022ರ ಒಂದು ಚುಕ್ಕಿಯ ಮೇಲೆ ನಿಂತರು. ಅದೂ 19.

"ಇದಕ್ಕೆ ಆವತ್ತು ಅರ್ಧ ಗಂಟೆ ನಿಲ್ಲಿಸಿದ್ರಿ ಮೇಡಂ" ಅಂದರು.